ಕೆಂಪು ಬಣ್ಣ ಹಚ್ಚಿದ 37 ಸಾಲು: ನಕಲು ಒಪ್ಪಿಕೊಂಡ ಒಬ್ಬ ವಿದ್ಯಾರ್ಥಿಯ ಪ್ರಕರಣ

ಭಾನುವಾರ ರಾತ್ರಿ 11:40ಕ್ಕೆ ಬಂದ ಮೇಲ್ ಅದು. ನಾನು ನೋಡಿದ್ದು ಸೋಮವಾರ ಬೆಳಿಗ್ಗೆ, ಕಾಲೇಜಿಗೆ ಹೊರಡುವ ಗಡಿಬಿಡಿಯಲ್ಲಿ. ಮೊದಲ ಪ್ಯಾರಾ ಇಂಗ್ಲಿಷಿನಲ್ಲಿತ್ತು. ರಜಾ ಅರ್ಜಿಗಳಲ್ಲಿ ಬರುತ್ತದಲ್ಲ, ಆ ಥರದ ಇಂಗ್ಲಿಷು: ಗೌರವಾನ್ವಿತ ಮೇಡಂ, ಈ ಮೂಲಕ ತಮ್ಮ ಗಮನಕ್ಕೆ ತರುವುದೇನೆಂದರೆ ಎಂಬ ಧಾಟಿ. ಎರಡನೇ ಪ್ಯಾರಾದಿಂದ ಕನ್ನಡ.

‘ಮೇಡಂ, ಶುಕ್ರವಾರ ಸಬ್ಮಿಟ್ ಮಾಡಿದ ಹ್ಯಾಷ್ ಟೇಬಲ್ ಪ್ರೋಗ್ರಾಂ ಪೂರ್ತಿ ನನ್ನದಲ್ಲ. ಗಿಟ್‌ಹಬ್‌ನಲ್ಲಿ ಸಿಕ್ಕಿದ್ದನ್ನ ತಗೊಂಡು ಸ್ವಲ್ಪ ಬದಲಾಯಿಸಿ ಕೊಟ್ಟಿದ್ದೀನಿ. ಜಾಸ್ತಿ ಭಾಗ ಅಲ್ಲಿಂದಲೇ ಬಂದಿದೆ. ಅದಕ್ಕೆ ಮುಂಚಿನ ಕ್ಯೂ ಪ್ರೋಗ್ರಾಂನಲ್ಲೂ ಅರ್ಧ ಹಾಗೇ ಮಾಡಿದ್ದೆ. ಬುಧವಾರ ವೈವಾದಲ್ಲಿ ನೀವು ಕೇಳಿದರೆ ನನಗೆ ಹೇಳಕ್ಕಾಗಲ್ಲ. ಇನ್ನೊಂದು ಚಾನ್ಸ್ ಕೊಟ್ಟರೆ ನಾನೇ ಮಾಡಿ ತೋರಿಸ್ತೀನಿ. ಸೊನ್ನೆ ಕೊಟ್ಟರೂ ಬೇಜಾರಿಲ್ಲ, ಆದರೆ ಇದು ನನಗೆ ಬರಬೇಕು.’

ಬರೆದವನು ಮೂರನೇ ಸೆಮಿಸ್ಟರಿನ ಹುಡುಗ. ತಿಪಟೂರು ಕಡೆಯವನು, ತುಮಕೂರಿನಲ್ಲಿ ರೂಮು ಮಾಡಿಕೊಂಡು ಓದುತ್ತಿದ್ದ. ಗುರುತು ಸಿಗದಿರಲೆಂದು ಅವನ ಬಗ್ಗೆ ಇದಕ್ಕಿಂತ ಹೆಚ್ಚು ಹೇಳುವುದಿಲ್ಲ. ನಾನು ಈ ಜಿಲ್ಲೆಯ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಡೇಟಾ ಸ್ಟ್ರಕ್ಚರ್ಸ್ ಪಾಠ ಮಾಡುತ್ತೇನೆ, ಲ್ಯಾಬನ್ನೂ ನೋಡಿಕೊಳ್ಳುತ್ತೇನೆ. ನಕಲು ಮಾಡಿ ಸಿಕ್ಕಿಬಿದ್ದವರನ್ನು ಪ್ರತಿ ವರ್ಷ ನೋಡುತ್ತೇನೆ. ಸಿಕ್ಕಿಬೀಳುವ ಮುಂಚೆ ತಾನಾಗಿ ಬರೆದವರು ಬಹಳ ಕಡಿಮೆ. ಅದಕ್ಕೇ ಈ ಪ್ರಕರಣವನ್ನು ಮೊದಲಿಂದ ಕೊನೆಯವರೆಗೆ ಬರೆದಿಡುತ್ತಿದ್ದೇನೆ.

ಕೊಟ್ಟಿದ್ದ ಕೆಲಸ ಏನೆಂದು ಮೊದಲು ಹೇಳುತ್ತೇನೆ. ತಿಪಟೂರಿನ ಕೊಬ್ಬರಿ ಮಾರುಕಟ್ಟೆ ನಮ್ಮ ಮಕ್ಕಳಿಗೆಲ್ಲ ಗೊತ್ತು. ರೈತರು ತಂದ ಕೊಬ್ಬರಿಗೆ ಲಾಟ್ ನಂಬರು ಕೊಟ್ಟು ಮಾರಾಟಕ್ಕೆ ಇಡುತ್ತಾರೆ. ಹಾಗೆ ಬಂದ ಲಾಟ್ ನಂಬರುಗಳನ್ನು 11 ಮನೆಗಳಿರುವ ಒಂದು ಹ್ಯಾಷ್ ಟೇಬಲ್‌ನಲ್ಲಿ ಇಡಬೇಕು, ಕೇಳಿದಾಗ ಹುಡುಕಿ ಕೊಡಬೇಕು, ಮಾರಾಟವಾದದ್ದನ್ನು ತೆಗೆಯಬೇಕು. ನಂಬರನ್ನು 11ರಿಂದ ಭಾಗಿಸಿದಾಗ ಉಳಿಯುವ ಶೇಷವೇ ಮನೆ ನಂಬರು. ಆ ಮನೆಯಲ್ಲಿ ಆಗಲೇ ಯಾರಾದರೂ ಇದ್ದರೆ ಪಕ್ಕದ ಮನೆ, ಅಲ್ಲೂ ಇದ್ದರೆ ಅದರ ಪಕ್ಕದ್ದು. ಇನ್‌ಪುಟ್ಟನ್ನು ಒಂದು ಫೈಲಿನಿಂದ ಓದಬೇಕು. 10 ಅಂಕ, ಸಿ ಭಾಷೆ, ಒಂದು ವಾರ ಸಮಯ.

ಮೇಲ್ ಓದಿದ ಕೂಡಲೇ ತಲೆಗೆ ಬಂದ ಪ್ರಶ್ನೆ ನಿಮಗೂ ಬರಬಹುದು: ಇದು ನಿಜವಾದ ಪಶ್ಚಾತ್ತಾಪವೋ, ವೈವಾಕ್ಕೆ ಹೆದರಿದ್ದೋ? ವೈವಾದ ಪಟ್ಟಿಯನ್ನು ನಾನು ಶನಿವಾರ ಬೆಳಿಗ್ಗೆ ನೋಟಿಸ್ ಬೋರ್ಡಿಗೆ ಹಾಕಿದ್ದೆ, ಮೇಲ್ ಬಂದದ್ದು ಅದರ ಮರುದಿನ ರಾತ್ರಿ. ಹೆದರಿಕೆ ಇತ್ತು ಎಂಬುದರಲ್ಲಿ ಅನುಮಾನವಿಲ್ಲ, ಅವನೇ ಬರೆದಿದ್ದಾನೆ. ಆದರೆ ಈ ಪ್ರಶ್ನೆಯ ಬೆನ್ನು ಹತ್ತಿದರೆ ಉಪಯೋಗವಿಲ್ಲ ಎಂದು ನನಗೆ ಅನಿಸಿದೆ. ಇನ್ನೊಬ್ಬರ ಮನಸ್ಸು ಅಳೆಯುವ ತಕ್ಕಡಿ ನನ್ನ ಹತ್ತಿರ ಇಲ್ಲ. ನಾನು ನೋಡುವುದು ಬೇರೆ: ನಾನಾಗಿ ಹುಡುಕಿದ್ದರೆ ಸಿಗುತ್ತಿದ್ದುದಕ್ಕಿಂತ ಹೆಚ್ಚನ್ನು ಮೇಲ್‌ನಲ್ಲಿ ಹೇಳಿದ್ದಾನೋ ಇಲ್ಲವೋ. ಇವನು ಹೇಳಿದ್ದ. ಕ್ಯೂ ಪ್ರೋಗ್ರಾಂನ ಅಂಕಗಳು ಆಗಲೇ ದಾಖಲಾಗಿದ್ದವು, ಅದರ ಬಗ್ಗೆ ನನಗೆ ಒಂದು ಚೂರೂ ಸಂಶಯ ಇರಲಿಲ್ಲ.

ನಮ್ಮಲ್ಲಿ ಇಂಥದ್ದಕ್ಕೆ ನಿಯಮವೇನಿದೆ ಎಂದು ತೆಗೆದು ನೋಡಿದೆ. ಕೃತಿಚೌರ್ಯದ ಬಗ್ಗೆ ಯುಜಿಸಿಯ 2018ರ ನಿಯಮಾವಳಿ ಇದೆ. ಹೋಲಿಕೆ ಶೇ. 10ರವರೆಗೆ ಇದ್ದರೆ ದಂಡವಿಲ್ಲ, 10ರಿಂದ 40, 40ರಿಂದ 60, 60ಕ್ಕೂ ಮೇಲೆ ಎಂದು ಮೆಟ್ಟಿಲುಗಳು, ಒಂದೊಂದಕ್ಕೂ ಒಂದೊಂದು ದಂಡ. ಸ್ಟಾಫ್ ರೂಮಿನಲ್ಲಿ ಇದನ್ನು ಎಲ್ಲದಕ್ಕೂ ಅನ್ವಯಿಸಿ ಮಾತಾಡುವವರಿದ್ದಾರೆ. ಆದರೆ ಅದು ಸಂಶೋಧನಾ ಪ್ರಬಂಧ, ಪ್ರಕಟವಾಗುವ ಲೇಖನ, ಪುಸ್ತಕ ಇಂಥವಕ್ಕೆ ಮಾಡಿದ ನಿಯಮ. ಅಸೈನ್‌ಮೆಂಟ್, ಪ್ರಾಜೆಕ್ಟ್ ವರದಿ, ಉತ್ತರಪತ್ರಿಕೆಗಳು ಅದರ ವ್ಯಾಪ್ತಿಗೆ ಬರುವುದಿಲ್ಲ ಎಂದು ವ್ಯಾಖ್ಯೆಯಲ್ಲೇ ಬರೆದಿದೆ. ಅಂದರೆ ಲ್ಯಾಬಿನ ಒಂದು ಪ್ರೋಗ್ರಾಂ ವಿಷಯದಲ್ಲಿ ನಿರ್ಧಾರ ಮಾಡಬೇಕಾದವರು ನಾವೇ.

ಹೊರಗಿನ ಒಂದು ಉದಾಹರಣೆ ನೆನಪಿಗೆ ಬಂತು. ಹಾರ್ವರ್ಡ್‌ನ ಸಿಎಸ್50 ಕೋರ್ಸಿನಲ್ಲಿ 2014ರಿಂದ ಒಂದು ನಿಯಮವಿದೆ. ತಪ್ಪು ಮಾಡಿದ 72 ಗಂಟೆಯೊಳಗೆ ವಿದ್ಯಾರ್ಥಿ ತಾನಾಗಿ ಬಂದು ಹೇಳಿದರೆ ಕೋರ್ಸಿನ ಮಟ್ಟದಲ್ಲೇ ದಂಡ ಹಾಕುತ್ತಾರೆ, ಆ ಕೆಲಸಕ್ಕೆ ಸೊನ್ನೆಯೂ ಬರಬಹುದು, ಆದರೆ ವಿಷಯವನ್ನು ಶಿಸ್ತು ಸಮಿತಿಗೆ ಒಯ್ಯುವುದಿಲ್ಲ. ಒಪ್ಪಿಕೊಂಡದ್ದಕ್ಕೆ ಮಾಫಿ ಅಲ್ಲ, ದಾರಿ ಬೇರೆ, ಅಷ್ಟೆ. ನಮ್ಮ ಹುಡುಗ ಸಬ್ಮಿಟ್ ಮಾಡಿದ್ದು ಶುಕ್ರವಾರ ಸಂಜೆ 5ಕ್ಕೆ. ಮೇಲ್ ಬರೆಯುವ ಹೊತ್ತಿಗೆ 55 ಗಂಟೆ ಆಗಿರಲಿಲ್ಲ.

ಎಚ್‌ಒಡಿ ಸರ್ ಹತ್ತಿರ ಹತ್ತು ನಿಮಿಷ ಮಾತಾಡಿದೆ. ‘ನಿಮ್ಮ ಲ್ಯಾಬು, ನೀವೇ ತೀರ್ಮಾನ ಮಾಡಿ. ಆದರೆ ಏನೇ ಮಾಡಿದರೂ ಬರೆದಿಡಿ, ನಾಳೆ ಇನ್ನೊಬ್ಬ ಬಂದು ನನಗ್ಯಾಕೆ ಇಲ್ಲ ಅಂತ ಕೇಳಿದರೆ ಉತ್ತರ ಇರಬೇಕು’ ಎಂದರು. ಆ ಮಾತು ಕೊನೆಯವರೆಗೆ ಕೆಲಸಕ್ಕೆ ಬಂತು.

ಹುಡುಗನಿಗೆ ಕಳಿಸಿದ ಉತ್ತರ ಚಿಕ್ಕದು. ಕ್ಷಮಿಸಿದ್ದೇನೆ ಎಂದೂ ಬರೆಯಲಿಲ್ಲ, ಶಿಕ್ಷೆ ಏನೆಂದೂ ಬರೆಯಲಿಲ್ಲ. ಏನಾಗಿದೆ ಎಂದು ಇಬ್ಬರಿಗೂ ಪೂರ್ತಿ ಗೊತ್ತಿಲ್ಲದಾಗ ತೀರ್ಪು ಕೊಟ್ಟರೆ ಆಮೇಲೆ ಹಿಂದೆಗೆಯಬೇಕಾಗುತ್ತದೆ. ಬರೆದದ್ದು ಇಷ್ಟು: ‘ನಿನ್ನ ಮೇಲ್ ಓದಿದೆ. ಬರೆದದ್ದು ಒಳ್ಳೆಯದಾಯಿತು. ಬುಧವಾರ 3:30ಕ್ಕೆ ಲ್ಯಾಬಿಗೆ ಬಾ. ಬರುವಾಗ ನೀನು ತೆಗೆದುಕೊಂಡ ಮೂಲ ಫೈಲು, ಅದು ಸಿಕ್ಕ ವಿಳಾಸ, ನೀನು ಕೊಟ್ಟ ಪ್ರೋಗ್ರಾಂನ ಪ್ರಿಂಟು ತಾ. ಪ್ರಿಂಟಿನಲ್ಲಿ ಒಂದು ಸಾಲೂ ಬಿಡದೆ ಬಣ್ಣ ಹಚ್ಚು. ನೀನೇ ಬರೆದದ್ದಕ್ಕೆ ಹಸಿರು, ಅಲ್ಲಿಂದ ತೆಗೆದು ಅರ್ಥ ಮಾಡಿಕೊಂಡದ್ದಕ್ಕೆ ಹಳದಿ, ಅರ್ಥವಾಗದೆ ಹಾಗೇ ಇಟ್ಟದ್ದಕ್ಕೆ ಕೆಂಪು.’

ಬಣ್ಣ ಹಚ್ಚಿಸಲು ಕಾರಣವಿದೆ. ‘ಜಾಸ್ತಿ ಭಾಗ ನಕಲು’ ಎಂಬ ಮಾತನ್ನು ಹಿಡಿದು ಏನೂ ಮಾಡಲಾಗದು. ಎಷ್ಟು ಭಾಗ, ಯಾವ ಭಾಗ, ಅದರಲ್ಲಿ ತಿಳಿದದ್ದೆಷ್ಟು ಎಂಬುದು ಸಾಲು ಸಾಲಾಗಿ ಕೂತು ನೋಡುವವರೆಗೆ ವಿದ್ಯಾರ್ಥಿಗೇ ಗೊತ್ತಿರುವುದಿಲ್ಲ.

ಮಂಗಳವಾರ ಸಂಜೆ ನಾನು ಎಂದಿನಂತೆ ಇಡೀ ಕ್ಲಾಸಿನ ಫೈಲುಗಳನ್ನು ಮಾಸ್‌ಗೆ ಹಾಕಿದೆ. ಪ್ರೋಗ್ರಾಂಗಳ ನಡುವಿನ ಹೋಲಿಕೆ ಹುಡುಕುವ, 1994ರಲ್ಲಿ ರೂಪುಗೊಂಡ, ಸ್ಟ್ಯಾನ್‌ಫರ್ಡ್‌ನಲ್ಲಿರುವ ಸೇವೆ ಅದು. ಅಧ್ಯಾಪಕರಿಗೆ ಉಚಿತ.

```
moss -l c -b skeleton.c *.c
```

ವೇರಿಯಬಲ್ ಹೆಸರು ಬದಲಾಯಿಸಿದರೆ, ಕಾಮೆಂಟ್ ತೆಗೆದರೆ, ಸ್ಪೇಸ್ ಕೊಟ್ಟರೆ ಗೊತ್ತಾಗುವುದಿಲ್ಲ ಎಂದು ಮಕ್ಕಳು ನಂಬಿರುತ್ತಾರೆ. ಮಾಸ್ ಅವನ್ನೆಲ್ಲ ಬದಿಗಿಟ್ಟು ಪ್ರೋಗ್ರಾಂನ ರಚನೆಯನ್ನು ಚಿಕ್ಕ ಚಿಕ್ಕ ತುಂಡುಗಳಾಗಿ ಹೋಲಿಸುತ್ತದೆ. `-b` ಯಾಕೆಂದರೆ ನಾನೇ ಕ್ಲಾಸಿನಲ್ಲಿ ಕೊಟ್ಟ ಭಾಗ ಎಲ್ಲರಲ್ಲೂ ಒಂದೇ ಇರುತ್ತದೆ, ಅದನ್ನು ಲೆಕ್ಕದಿಂದ ಬಿಡಬೇಕು. ಇದರ ಮಿತಿಯನ್ನೂ ತಿಳಿದಿರಬೇಕು. ಅದು ನಾವು ಕೊಟ್ಟ ಫೈಲುಗಳನ್ನು ಒಂದಕ್ಕೊಂದು ಹೋಲಿಸುತ್ತದೆಯೇ ಹೊರತು ಇಂಟರ್ನೆಟ್ ಹುಡುಕುವುದಿಲ್ಲ. ಗಿಟ್‌ಹಬ್‌ನಿಂದ ಒಬ್ಬನೇ ತೆಗೆದಿದ್ದರೆ ಅವನ ಫೈಲಿಗೆ ಹೋಲುವ ಇನ್ನೊಂದು ಫೈಲೇ ಇರುವುದಿಲ್ಲ, ಅವನು ನಿರಾಳವಾಗಿ ದಾಟಿಹೋಗುತ್ತಾನೆ. ಈ ಸಲ ಇವನ ಫೈಲು ಇನ್ನೂ ನಾಲ್ಕು ಜನರದ್ದಕ್ಕೆ ಹೋಲಿತು. ಐದೂ ಒಂದೇ ಕಡೆಯಿಂದ ಬಂದಿದ್ದವು. ಆ ನಾಲ್ವರಲ್ಲಿ ಯಾರೂ ಮೇಲ್ ಬರೆದಿರಲಿಲ್ಲ.

ಬುಧವಾರ ಅವನು ತಂದ ಪ್ರಿಂಟು ಇನ್ನೂ ನನ್ನ ಡ್ರಾಯರಿನಲ್ಲಿದೆ. ಒಟ್ಟು 142 ಸಾಲು. ಹಸಿರು 31, ಹಳದಿ 74, ಕೆಂಪು 37. ಹಸಿರು ಎಂದರೆ ಮೆನು, ಟೇಬಲ್ ಪ್ರಿಂಟ್ ಮಾಡುವ ಭಾಗ, ಅಲ್ಲೊಂದು ಇಲ್ಲೊಂದು ಬದಲಾವಣೆ. ಕೆಂಪಿನಲ್ಲಿ 34 ಸಾಲು ಒಟ್ಟಿಗೇ ಇದ್ದವು, ಫೈಲಿನಿಂದ ಓದುವ ಭಾಗ, `fgets`, `sscanf` ಎಲ್ಲ. ಉಳಿದ ಮೂರು ಸಾಲು ಹುಡುಕುವ ಫಂಕ್ಷನ್ನಿನ ಒಳಗೆ ಚದುರಿದ್ದವು.

‘ಫೈಲ್ ಓದೋದು ಯಾಕೆ ಬರಲಿಲ್ಲ?’ ಎಂದೆ.

‘ಅದು ಕ್ಲಾಸಲ್ಲಿ ಆಗಿಲ್ಲ ಮೇಡಂ. ಮೊದಲು ಅದೊಂದನ್ನೇ ಹುಡುಕಕ್ಕೆ ಹೋಗಿದ್ದೆ. ಹುಡುಕ್ತಾ ಹುಡುಕ್ತಾ ಪೂರ್ತಿ ಪ್ರೋಗ್ರಾಂ ಸಿಕ್ಕಿಬಿಡ್ತು.’

ನಿಜ. ಸಿ ಭಾಷೆಯ ಫೈಲ್ ಭಾಗ ಮೊದಲ ವರ್ಷದ ಕೊನೆಯ ಪಾಠ, ಆ ಬ್ಯಾಚಿಗೆ ಅದನ್ನು ಸರಿಯಾಗಿ ಮಾಡಿರಲೇ ಇಲ್ಲ. ನಾನು ವಿಚಾರಿಸದೆ ಬರುತ್ತದೆಂದುಕೊಂಡು ಪ್ರಶ್ನೆಯಲ್ಲಿ ಸೇರಿಸಿದ್ದೆ. ಹ್ಯಾಷ್ ಟೇಬಲ್ ಕಲಿಸಲು ಕೊಟ್ಟ ಕೆಲಸದಲ್ಲಿ, ಹ್ಯಾಷ್ ಟೇಬಲ್‌ಗೆ ಸಂಬಂಧವೇ ಇಲ್ಲದ ಜಾಗದಲ್ಲಿ ಅವನು ಎಡವಿದ್ದ. ಇದರಿಂದ ನಕಲು ಸರಿಯಾಗುವುದಿಲ್ಲ. ಬಂದು ಕೇಳಬಹುದಿತ್ತು, ಕೇಳಲಿಲ್ಲ. ಆದರೆ ಮರುಅವಕಾಶದಲ್ಲಿ ಏನು ಮಾಡಿಸಬೇಕು, ಏನನ್ನು ಬಿಡಬೇಕು ಎಂಬುದು ಈ ಒಂದು ಉತ್ತರದಿಂದ ಗೊತ್ತಾಯಿತು. ಅಲ್ಲೇ ಕೂತು 20 ನಿಮಿಷದಲ್ಲಿ `fgets` ಹೇಗೆ ಒಂದೊಂದೇ ಸಾಲು ತರುತ್ತದೆ ಎಂದು ತೋರಿಸಿದೆ. ಆ 34 ಸಾಲನ್ನು ಪರೀಕ್ಷೆಯಿಂದ ತೆಗೆದುಹಾಕಿದೆ.

ಇನ್ನೊಂದು ವಿಷಯ ಅವನು ತಂದ ಮೂಲ ಫೈಲಿನಲ್ಲಿ ಕಂಡಿತು. ಮೇಲ್ಗಡೆ ಬರೆದವರ ಹೆಸರು, ಕೆಳಗೆ ಎಂಐಟಿ ಲೈಸೆನ್ಸ್ ಎಂಬ ಒಕ್ಕಣೆ. ಆ ಲೈಸೆನ್ಸಿನಡಿ ಕೋಡನ್ನು ಯಾರು ಬೇಕಾದರೂ ಬಳಸಬಹುದು, ಬದಲಾಯಿಸಬಹುದು, ಆದರೆ ಹಕ್ಕುಸ್ವಾಮ್ಯದ ಆ ಒಕ್ಕಣೆಯನ್ನು ಉಳಿಸಿಕೊಳ್ಳಬೇಕು. ಇವನು ಮೊದಲು ಅಳಿಸಿದ್ದೇ ಅದನ್ನು. ನಾಳೆ ಕಂಪನಿಗೆ ಸೇರಿದಾಗ ಇಂಥ ಕೋಡು ತೆಗೆದುಕೊಳ್ಳುವುದು ದಿನನಿತ್ಯದ ಕೆಲಸವೇ ಆಗಿರುತ್ತದೆ, ಆದರೆ ಅಲ್ಲಿ ಆ ಆರು ಸಾಲು ಅಳಿಸುವುದು ದೊಡ್ಡ ತಪ್ಪು ಎಂದು ಹೇಳಿದೆ. ಅದು ಅವನಿಗೆ ಹೊಸ ವಿಷಯವಾಗಿತ್ತು.

ಇನ್ನು ಹಳದಿಗೆ ಬಂದೆವು. ಅರ್ಥವಾಗಿದೆ ಎಂದು ಅವನು ಹೇಳಿಕೊಂಡ ಭಾಗ. ಹುಡುಕುವ ಫಂಕ್ಷನ್ ಮೂಲದಲ್ಲಿ ಹೀಗಿತ್ತು:

```c
#define EMPTY   -1
#define DELETED -2

int search(int t[], int key) {
    int i = key % SIZE;
    int n = 0;
    while (t[i] != EMPTY && n < SIZE) {
        if (t[i] == key) return i;
        i = (i + 1) % SIZE;
        n++;
    }
    return -1;
}
```

ಇದರಲ್ಲಿ `n` ಇರುವ ಮೂರು ಸಾಲು ಕೆಂಪು. ಉಳಿದದ್ದು ಹಳದಿ. ಮೇಲಿನ `DELETED` ಸಾಲು ಮಾತ್ರ ಹಸಿರು, ಯಾಕೆಂದರೆ ಅದರಲ್ಲಿ -2 ಇದ್ದದ್ದನ್ನು ಅವನು -1 ಮಾಡಿದ್ದ.

‘ಇದನ್ನ ಯಾಕೆ ಬದಲಾಯಿಸಿದೆ?’

‘ಪ್ರಿಂಟ್ ಮಾಡಿದಾಗ ಖಾಲಿ ಮನೆ ಕೆಲವು -1, ಕೆಲವು -2 ಅಂತ ಬರ್ತಿತ್ತು ಮೇಡಂ. ನೋಡಕ್ಕೆ ಚೆನ್ನಾಗಿರಲಿಲ್ಲ. ಎರಡೂ ಖಾಲಿನೇ ಅಲ್ವಾ ಅಂತ ಒಂದೇ ಮಾಡಿದೆ.’

ಇಡೀ ಪ್ರಕರಣದಲ್ಲಿ ನಾನು ಮತ್ತೆ ಮತ್ತೆ ನೆನೆಸಿಕೊಳ್ಳುವ ಮಾತು ಇದು. ತಂದ ಪ್ರೋಗ್ರಾಂ ಸರಿಯಾಗಿತ್ತು. ಅವನು ಅದರಲ್ಲಿ ಸ್ವಂತವಾಗಿ ಮಾಡಿದ ಮುಖ್ಯ ಬದಲಾವಣೆ ಇದೊಂದೇ, ಅದು ಪ್ರೋಗ್ರಾಂ ಅನ್ನು ಕೆಡಿಸಿತ್ತು. ಆದರೂ ನಾನು ಕೊಟ್ಟಿದ್ದ ಮಾದರಿ ಇನ್‌ಪುಟ್ಟುಗಳಲ್ಲೆಲ್ಲ ಸರಿಯಾದ ಉತ್ತರವೇ ಬಂದಿತ್ತು. ಉತ್ತರ ಮಾತ್ರ ನೋಡಿ ಅಂಕ ಕೊಟ್ಟಿದ್ದರೆ ಪೂರ್ತಿ 10 ಬರುತ್ತಿತ್ತು.

ಆಗಲೇ ಮರುಅವಕಾಶದ ಮೊದಲ ಕೆಲಸ ಹೊಳೆಯಿತು. ಹೊಸದಾಗಿ ಬರೆಯುವ ಮುಂಚೆ, ‘ನಿನ್ನ ಈ ಪ್ರೋಗ್ರಾಂ ಸೋಲುವಂಥ ಒಂದು ಇನ್‌ಪುಟ್ ಬರೆದು ತಾ’ ಎಂದೆ. ಎಲ್ಲಿ ತಪ್ಪಿದೆ ಎಂದು ಹೇಳಲಿಲ್ಲ. ತಪ್ಪಿದೆ ಎಂದಷ್ಟೇ ಹೇಳಿದೆ.

ಉಳಿದ ಷರತ್ತುಗಳನ್ನೂ ಅಂದೇ ಬರೆದು ಇಬ್ಬರೂ ಸಹಿ ಹಾಕಿದೆವು. ಲ್ಯಾಬಿನಲ್ಲೇ, ನೆಟ್ ಇಲ್ಲದ ಸಿಸ್ಟಮ್ಮಿನಲ್ಲಿ, ತಲಾ 90 ನಿಮಿಷದ ಎರಡು ಕೂರಾಟ. ಫೈಲ್ ಓದುವ ಭಾಗ ನಾನೇ ಕೊಡುತ್ತೇನೆ. ಅರ್ಧ ಗಂಟೆಗೊಮ್ಮೆ ಆವರೆಗಿನ ಪ್ರೋಗ್ರಾಂ ಅನ್ನು ಬೇರೆ ಹೆಸರಿನಲ್ಲಿ ಉಳಿಸಬೇಕು, ಕೆಟ್ಟಿದ್ದರೂ ಸರಿ. ಮನೆಗೆ ಕೊಟ್ಟು ಮತ್ತೆ ಮಾಡಿಕೊಂಡು ಬಾ ಎನ್ನುವುದರಲ್ಲಿ ಅರ್ಥವಿಲ್ಲ. ಅದೇ ಪ್ರಶ್ನೆ, ಅದೇ ರೂಮು, ಅದೇ ನೆಟ್ಟು, ಬರುವುದು ಇನ್ನೊಂದು ನಕಲೇ.

ಅಂಕದ ವಿಷಯದಲ್ಲಿ ನಾನು ಬಹಳ ಹೊತ್ತು ಯೋಚಿಸಿದೆ. ಇವನಿಗೆ ಎಷ್ಟು ಕೊಡಬೇಕು ಎಂಬುದನ್ನು ಇವನನ್ನೇ ನೋಡಿ ನಿರ್ಧರಿಸಿದರೆ ಕರುಣೆ ಗೆಲ್ಲುತ್ತದೆ, ಸಿಟ್ಟಿದ್ದರೆ ಸಿಟ್ಟು ಗೆಲ್ಲುತ್ತದೆ. ಹಾಗಾಗಿ ಕ್ಲಾಸಿನ ಬೇರೆಯವರ ಕಡೆ ನೋಡಿದೆ. ಮಧುಗಿರಿಯಿಂದ ದಿನಾ ಬಸ್ಸಿನಲ್ಲಿ ಬಂದುಹೋಗುವ ಒಬ್ಬ ಹುಡುಗಿ ಸೇರಿಸುವುದು, ಹುಡುಕುವುದು ಎರಡನ್ನು ಮಾತ್ರ ಬರೆದು, ತೆಗೆಯುವ ಫಂಕ್ಷನ್ ಬರೆಯಲಾಗದೆ ಖಾಲಿ ಬಿಟ್ಟು ಕೊಟ್ಟಿದ್ದಳು. ಅವಳಿಗೆ ಬಂದದ್ದು 6. ತನಗೆ ಬಂದಷ್ಟನ್ನೇ, ಹೇಳಿದ ದಿನಕ್ಕೆ ಕೊಟ್ಟವಳು ಅವಳು. ಮರುಅವಕಾಶ ಪಡೆದವನು ಅವಳನ್ನು ದಾಟಬಾರದು. ಹಾಗಾಗಿ ಎಷ್ಟು ಚೆನ್ನಾಗಿ ಮಾಡಿದರೂ ಗರಿಷ್ಠ 5 ಎಂದು ಇಟ್ಟೆ. ಕಾರಣ ಹೇಳಿದಾಗ ಅವನು ಒಂದು ಮಾತೂ ಆಡದೆ ಒಪ್ಪಿದ. ಹಳೆಯ ಕ್ಯೂ ಪ್ರೋಗ್ರಾಂನ ಅಂಕ ಮುಟ್ಟಲಿಲ್ಲ. ಅದು ಗೊತ್ತಾದದ್ದೇ ಅವನ ಬಾಯಿಂದ. ಅದಕ್ಕೆ ದಂಡ ಹಾಕಿದರೆ ಮುಂದಿನವನು ಮೇಲ್‌ನಲ್ಲಿ ಅರ್ಧ ಮಾತ್ರ ಬರೆಯುತ್ತಾನೆ. ಬದಲಿಗೆ ಎರಡನೇ ಕೂರಾಟದ ಕೊನೆಗೆ ಕ್ಯೂ ಬಗ್ಗೆ ಬಾಯಿಪ್ರಶ್ನೆ ಇರುತ್ತದೆ ಎಂದು ಸೇರಿಸಿದೆ.

ಉಳಿದ ನಾಲ್ವರನ್ನು ಅದೇ ಬುಧವಾರ ಒಬ್ಬೊಬ್ಬರನ್ನೇ ಕರೆದೆ. ಮಾಸ್ ವರದಿಯನ್ನು ಮುಂದಿಟ್ಟು ಆರೋಪ ಮಾಡಲಿಲ್ಲ. ಹೋಲಿಕೆಯೊಂದೇ ಸಾಕ್ಷಿಯಾಗುವುದಿಲ್ಲ, ಒಂದೇ ಪಾಠ ಕೇಳಿದವರ ಚಿಕ್ಕ ಪ್ರೋಗ್ರಾಂಗಳು ಹೋಲುವುದು ಸಹಜ. ಅವರವರ ಪ್ರೋಗ್ರಾಂ ತೆರೆದು ಈ ಸಾಲು ತೆಗೆದರೆ ಏನಾಗುತ್ತದೆ ಎಂದು ಕೇಳಿದೆ. ಮೂವರು ಎರಡನೇ ಪ್ರಶ್ನೆಗೇ ಒಪ್ಪಿಕೊಂಡರು. ಒಬ್ಬಳು ಎಲ್ಲ ಸಾಲನ್ನೂ ವಿವರಿಸಿದಳು, ಮೂಲ ನೋಡಿದ್ದೇನೆ, ಆದರೆ ಕಲಿತುಕೊಂಡು ಬರೆದೆ ಎಂದಳು. ಅವಳಿಗೆ ಮೂಲ ಹೇಳದಿದ್ದಕ್ಕೆ 2 ಅಂಕ ಕಡಿತ. ಮೂವರಿಗೆ ಈ ಪ್ರೋಗ್ರಾಂಗೆ ಸೊನ್ನೆ, ಮುಂದಿನದನ್ನು ಲ್ಯಾಬಿನಲ್ಲೇ ಬರೆಯಬೇಕು ಎಂದಾಯಿತು. ಅವರಲ್ಲೊಬ್ಬ ಕೇಳಿಯೂ ಕೇಳಿದ, ‘ಅವನಿಗೆ ಚಾನ್ಸ್ ಇದೆ, ನಮಗೆ ಯಾಕಿಲ್ಲ?’ ಅವನು ಭಾನುವಾರ ಹೇಳಿದ, ನೀನು ಬುಧವಾರ ಹೇಳಿದೆ ಎಂದೆ. ಎಚ್‌ಒಡಿ ಸರ್ ಹೇಳಿದ್ದಂತೆ ಎರಡೂ ತಾರೀಖಿನೊಂದಿಗೆ ದಾಖಲಾಗಿದ್ದವು.

ಶುಕ್ರವಾರದ ಕೂರಾಟಕ್ಕೆ ಹುಡುಗ ಕೈಯಲ್ಲಿ ಒಂದು ಹಾಳೆ ಹಿಡಿದು ಬಂದ. ಅದರಲ್ಲಿ ಐದು ಸಾಲು. `I` ಎಂದರೆ ಸೇರಿಸು, `D` ತೆಗೆ, `S` ಹುಡುಕು.

```
I 214
I 225
I 236
D 225
S 236
```

ಕೆಳಗೆ 11 ಮನೆಗಳನ್ನು ಪೆನ್ಸಿಲಿನಲ್ಲಿ ಬರೆದಿದ್ದ. ಒಂದು ಕಡೆ ರಬ್ಬರಿನಿಂದ ಉಜ್ಜಿ ಉಜ್ಜಿ ಹಾಳೆ ತೆಳುವಾಗಿತ್ತು. 214, 225, 236 ಮೂರನ್ನೂ 11ರಿಂದ ಭಾಗಿಸಿದರೆ ಶೇಷ 5. ಹಾಗಾಗಿ 214 ಐದನೇ ಮನೆಗೆ, 225 ಆರಕ್ಕೆ, 236 ಏಳಕ್ಕೆ ಹೋಗುತ್ತವೆ. ಈಗ 225 ಮಾರಾಟವಾಯಿತು, ಆರನೇ ಮನೆ -1 ಆಯಿತು. 236 ಎಲ್ಲಿ ಎಂದು ಕೇಳಿದರೆ ಪ್ರೋಗ್ರಾಂ ಐದನೇ ಮನೆ ನೋಡುತ್ತದೆ, 214 ಇದೆ, ಮುಂದೆ ಹೋಗುತ್ತದೆ. ಆರು ಖಾಲಿ. ಖಾಲಿ ಸಿಕ್ಕಿದರೆ ಮುಂದೆ ಇಲ್ಲ ಎಂದರ್ಥ, ನಿಂತುಬಿಡುತ್ತದೆ. ಪಕ್ಕದ ಮನೆಯಲ್ಲೇ ಕೂತಿರುವ 236 ಇಲ್ಲವೇ ಇಲ್ಲ ಎಂದು ಹೇಳುತ್ತದೆ.

‘ಹಾಗಾದರೆ -2 ಯಾಕಿತ್ತು?’

ಸ್ವಲ್ಪ ಹೊತ್ತು ಸುಮ್ಮನಿದ್ದ. ‘ಮಂಡಿಯಲ್ಲಿ ಚೀಲ ಎತ್ತಿದ ಮೇಲೂ ಚೀಟಿ ಅಲ್ಲೇ ಬಿದ್ದಿರುತ್ತಲ್ಲ ಮೇಡಂ, ಹಂಗೆ. ಇಲ್ಲಿ ಒಂದು ಲಾಟ್ ಇತ್ತು, ಈಗಿಲ್ಲ, ಆದರೆ ಸಾಲು ಮುಗಿದಿಲ್ಲ, ಮುಂದೆ ನೋಡು ಅಂತ.’

ಪಠ್ಯಪುಸ್ತಕದಲ್ಲಿ ಇದಕ್ಕೆ ಟೂಂಬ್‌ಸ್ಟೋನ್ ಎನ್ನುತ್ತಾರೆ, ಸಮಾಧಿ ಕಲ್ಲು. ಈಗ ನಾನು ಕ್ಲಾಸಿನಲ್ಲಿ ಚೀಟಿ ಎಂದೇ ಹೇಳುತ್ತೇನೆ.

ಇಷ್ಟು ಚೆನ್ನಾಗಿ ಶುರುವಾದದ್ದು ಮುಂದಿನ ಅರ್ಧ ಗಂಟೆಯಲ್ಲಿ ನನ್ನನ್ನು ಕಳವಳಕ್ಕೆ ತಳ್ಳಿತು. ಅವನು ತಡವರಿಸದೆ ಟೈಪ್ ಮಾಡುತ್ತಿದ್ದ. ಮೊದಲು ಉಳಿಸಿದ ಫೈಲನ್ನು ನೋಡಿದರೆ ವೇರಿಯಬಲ್ ಹೆಸರುಗಳು, ಫಂಕ್ಷನ್‌ಗಳ ಕ್ರಮ ಎಲ್ಲ ಗಿಟ್‌ಹಬ್‌ನ ಮೂಲದ್ದೇ. ಎರಡು ದಿನ ಕೂತು ಬಾಯಿಪಾಠ ಮಾಡಿದ್ದ. ಅದು ಮೋಸವಲ್ಲ, ನಮ್ಮಲ್ಲಿ ಬಹಳ ಮಕ್ಕಳು ಪರೀಕ್ಷೆಗೆ ಓದುವುದೇ ಹಾಗೆ. ಆದರೆ ಅದರಿಂದ ಕಲಿತದ್ದೇನೆಂದು ನನಗೂ ತಿಳಿಯುವುದಿಲ್ಲ, ಅವನಿಗೂ ತಿಳಿಯುವುದಿಲ್ಲ. ಅರ್ಧ ಗಂಟೆಗೊಮ್ಮೆ ಉಳಿಸಲು ಹೇಳಿದ್ದರಿಂದ ಇದು ಬೇಗ ಕಣ್ಣಿಗೆ ಬಿತ್ತು, ಕೊನೆಯಲ್ಲಿ ಮಾತ್ರ ನೋಡಿದ್ದರೆ ಗೊತ್ತಾಗುತ್ತಿರಲಿಲ್ಲ.

ನಿಲ್ಲಿಸಿದೆ. ಕೆಂಪು ಬಣ್ಣದ ಮೂರು ಸಾಲುಗಳನ್ನು ಅವನು ಬರೆದಿರಲಿಲ್ಲ ಎಂಬುದನ್ನೂ ಗಮನಿಸಿದೆ. ಅರ್ಥವಾಗದ್ದನ್ನು ಈ ಸಲ ಹಾಕುವುದಿಲ್ಲ ಎಂದು ತಾನೇ ಬಿಟ್ಟಿದ್ದ. ಲೂಪು ಈಗ `while (t[i] != EMPTY)` ಎಂದಷ್ಟೇ ಇತ್ತು. ನಾನು ಅದರ ಬಗ್ಗೆ ಏನೂ ಹೇಳದೆ ಸೋಮವಾರಕ್ಕೆ ಇನ್ನೊಂದು ಕೆಲಸ ಕೊಟ್ಟೆ: ‘ತೆಗೆಯುವ ಫಂಕ್ಷನ್ ಮುಗಿಸು. ಆಮೇಲೆ 11 ಲಾಟ್ ಸೇರಿಸು, ಎಲ್ಲ 11ನ್ನೂ ತೆಗೆ, ಟೇಬಲ್‌ನಲ್ಲಿ ಇಲ್ಲದ ಒಂದು ನಂಬರು ಹುಡುಕು. ಏನಾಗುತ್ತದೆಂದು ಓಡಿಸುವ ಮುಂಚೆ ಕಾಗದದಲ್ಲಿ ಬರೆ.’ ಅವನು ಬಾಯಿಪಾಠ ಮಾಡಿದ್ದ ಯಾವ ಸಾಲಿನಲ್ಲೂ ಇದಕ್ಕೆ ಉತ್ತರ ಇರಲಿಲ್ಲ.

ಸೋಮವಾರ ತೆಗೆಯುವ ಫಂಕ್ಷನ್ ಬರೆಯಲು ಅವನಿಗೆ 50 ನಿಮಿಷ ಹಿಡಿಯಿತು. ಎರಡು ಸಲ ತಪ್ಪಿತು. ಸಿಕ್ಕದ ಲಾಟನ್ನು ತೆಗೆಯಲು ಹೋದಾಗ `search` ಕೊಡುವ -1 ಅನ್ನೇ ಮನೆ ನಂಬರು ಎಂದುಕೊಂಡು `t[-1]`ಗೆ ಬರೆಯುತ್ತಿತ್ತು, ಅದನ್ನು ತಾನೇ ಹಿಡಿದ. ಈ ಸಲ ಟೈಪಿಂಗ್ ನಿಧಾನ, ಹೆಸರುಗಳು ಅವನವೇ: `mane`, `lot`.

ಆಮೇಲೆ 11 ಸೇರಿಸಿ 11 ತೆಗೆದು 300 ಅನ್ನು ಹುಡುಕಿದ. ಕಾಗದದಲ್ಲಿ ‘ಸಿಗಲಿಲ್ಲ ಅಂತ ಬರುತ್ತೆ’ ಎಂದು ಬರೆದಿದ್ದ. ಎಂಟರ್ ಒತ್ತಿದ. ಏನೂ ಬರಲಿಲ್ಲ. ಕರ್ಸರ್ ಮಿನುಗುತ್ತಲೇ ಇತ್ತು. ಸಿಸ್ಟಮ್ ಹ್ಯಾಂಗ್ ಆಯಿತೆಂದು `Ctrl+C` ಒತ್ತಿ ಮತ್ತೆ ಓಡಿಸಿದ. ಮತ್ತೆ ಅದೇ. ನಾನು ಎದ್ದು ಪಕ್ಕದ ಸಾಲಿನ ಸಿಸ್ಟಮ್‌ಗಳನ್ನು ಆಫ್ ಮಾಡುತ್ತಾ ನಿಂತೆ. ಹತ್ತಿರ ಕೂತರೆ ಅವನು ನನ್ನ ಮುಖ ನೋಡುತ್ತಾನೆ, ಪರದೆ ನೋಡುವುದಿಲ್ಲ.

ಲೂಪಿನೊಳಗೆ ಒಂದು `printf` ಹಾಕಿದ. ಮನೆ ನಂಬರುಗಳು ಪರದೆ ತುಂಬ ಹರಿಯತೊಡಗಿದವು. 3, 4, 5, ಹೀಗೆ 10, ಮತ್ತೆ 0, 1, 2, ಮತ್ತೆ 3. ನಿಲ್ಲಿಸಿ, ಕಾಗದದಲ್ಲಿ 11 ಮನೆ ಬರೆದು, ಎಲ್ಲದರಲ್ಲೂ -2 ತುಂಬಿದ. -1 ಒಂದೂ ಇಲ್ಲ. ಎಲ್ಲ ಮನೆಯಲ್ಲೂ ಚೀಟಿ ಇದೆ, ಎಲ್ಲ ಚೀಟಿಯೂ ಮುಂದೆ ನೋಡು ಎನ್ನುತ್ತಿದೆ.

ಬ್ಯಾಗಿನಿಂದ ಬಣ್ಣ ಹಚ್ಚಿದ ಪ್ರಿಂಟಿನ ಜೆರಾಕ್ಸ್ ತೆಗೆದ. ಕಪ್ಪು ಬಿಳುಪಿನಲ್ಲಿ ಕೆಂಪು ಬೂದು ಬಣ್ಣವಾಗಿ ಕಾಣುತ್ತಿತ್ತು. ಬೆರಳಿಟ್ಟು ನೋಡಿದ.

‘ಈ `n` ಇದಕ್ಕಾ ಮೇಡಂ ಇದ್ದದ್ದು? ಒಂದು ಸುತ್ತು ಆದ ಮೇಲೆ ನಿಲ್ಲಿಸಕ್ಕೆ?’

‘ಹೌದು’ ಎಂದೆ.

ಮೂರು ಸಾಲನ್ನೂ ಅವನೇ ಸೇರಿಸಿದ, `n` ಬದಲು `suttu` ಎಂದು ಹೆಸರಿಟ್ಟು. ಓಡಿತು. ಸಮಯ ಮುಗಿಯಲು ಹತ್ತು ನಿಮಿಷ ಇತ್ತು, ಕ್ಯೂ ಬಗ್ಗೆ ಪ್ರಶ್ನೆ ಕೇಳಿದೆ. ವೃತ್ತಾಕಾರದ ಕ್ಯೂ ತುಂಬಿದೆಯೋ ಖಾಲಿಯೋ ಎಂದು ಹೇಗೆ ತಿಳಿಯುವುದು ಎಂಬುದಕ್ಕೆ ಅರ್ಧ ಉತ್ತರ ಬಂತು. ಅರ್ಧ ಬಂತು ಎಂದೇ ದಾಖಲಿಸಿದೆ. ಹ್ಯಾಷ್ ಟೇಬಲ್‌ಗೆ 5 ಕೊಟ್ಟೆ.

ನಾನು ಬದಲಾಯಿಸಿಕೊಂಡದ್ದು ಎರಡು. ಕೊಡುವ ಮಾದರಿ ಇನ್‌ಪುಟ್ಟುಗಳಲ್ಲಿ ಈಗ ನಡುವಿನ ಲಾಟ್ ತೆಗೆದು ಆಚೆಯದನ್ನು ಹುಡುಕುವುದು, ಎಲ್ಲ ತೆಗೆದು ಇಲ್ಲದ್ದನ್ನು ಹುಡುಕುವುದು ಎರಡೂ ಇರುತ್ತವೆ. ಜೊತೆಗೆ ಪ್ರತಿ ಪ್ರೋಗ್ರಾಂನ ತಲೆಯಲ್ಲಿ ಮೂರು ಸಾಲಿನ ಕಾಮೆಂಟ್ ಕಡ್ಡಾಯ: ಎಲ್ಲಿಂದ ಏನು ತೆಗೆದುಕೊಂಡೆ, ಯಾರನ್ನು ಕೇಳಿದೆ, ಯಾವುದು ಅರ್ಥವಾಗಿಲ್ಲ. ಮೂರನೆಯದರಲ್ಲಿ ಏನೇ ಬರೆದರೂ ಅಂಕ ಕಡಿಮೆ ಮಾಡುವುದಿಲ್ಲ ಎಂದು ಹೇಳಿದ್ದೇನೆ, ಮಾಡಿಯೂ ಇಲ್ಲ.

ಮುಂದಿನ ಕೆಲಸ ಬೈನರಿ ಸರ್ಚ್ ಟ್ರೀ. ಅವನು ಕೊಟ್ಟ ಫೈಲಿನ ಮೇಲ್ಗಡೆ ಹೀಗಿತ್ತು: ‘ಎಲ್ಲಿಂದಲೂ ತೆಗೆದಿಲ್ಲ. ಸೇರಿಸುವಾಗ ಪಾಯಿಂಟರ್ ಬಗ್ಗೆ ಮಧುಗಿರಿಯಿಂದ ಬರುವ ಕ್ಲಾಸ್‌ಮೇಟನ್ನು ಕೇಳಿದೆ. ಎರಡು ಮಕ್ಕಳಿರುವ ನೋಡ್ ತೆಗೆಯುವುದು ಅರ್ಥವಾಗಿಲ್ಲ, ಆ ಭಾಗ ಖಾಲಿ ಬಿಟ್ಟಿದ್ದೇನೆ.’ ಖಾಲಿಯೇ ಇತ್ತು. ಉಳಿದದ್ದು ಓಡುತ್ತಿತ್ತು. 6 ಕೊಟ್ಟೆ.